ಒಕ್ಸಾನಾ ಯಾವಾಗ ಒಕ್ಸಾನೋ ಆಗುತ್ತಾರೆ: ತೆರ್ನೋಪಿಲ್‌ಗೆ ಹೋದ ಒಂದು ಕಾಗದದ ಪ್ರಕರಣ

ಧಾರವಾಡದ ಒಂದು ಮನೆಯಿಂದ ಪಶ್ಚಿಮ ಉಕ್ರೇನಿನ ತೆರ್ನೋಪಿಲ್ ಊರಿಗೆ ಹೋಗಬೇಕಾಗಿದ್ದ ಕಾಗದವೊಂದು ತಿದ್ದುವುದಕ್ಕೆಂದು ನನ್ನ ಕೈಗೆ ಬಂದಿತ್ತು. ಬರೆಸಿದವರು ಸವಿತಾ ಎಂಬ ತಾಯಿ. ಅವರ ಮಗ ಕಿರಣ್ ಆ ಊರಿನಲ್ಲಿ ವೈದ್ಯಕೀಯ ಓದುತ್ತಿದ್ದವನು. 2022ರ ಫೆಬ್ರವರಿಯಲ್ಲಿ ಯುದ್ಧ ಹೆಚ್ಚಾದಾಗ ಅವನು ಬಾಡಿಗೆಗಿದ್ದ ಮನೆಯ ಯಜಮಾನಿ ಒಕ್ಸಾನಾ ಇವಾನಿವ್ನಾ ದಾರಿಗೆ ಬುತ್ತಿ ಕಟ್ಟಿಕೊಟ್ಟರು, ಅವರ ಗಂಡ ಪೆತ್ರೋ ತಮ್ಮ ಕಾರಿನಲ್ಲಿ ಪೋಲೆಂಡಿನ ಗಡಿಯವರೆಗೆ ಬಿಟ್ಟು ಬಂದರು. ಆ ಋಣಕ್ಕೆ ಒಂದು ಕಾಗದ, ಜೊತೆಗೆ ಒಂದು ಇಳಕಲ್ ಸೀರೆ. ವಾರ್ಸಾದಲ್ಲಿ ಕೆಲಸದಲ್ಲಿದ್ದ ಕಿರಣ್‌ನ ಅಣ್ಣ ರಜೆಗೆ ಬಂದಿದ್ದ. ಅವನು ಮರಳಿದ ಮೇಲೆ ಅಲ್ಲಿಂದ ಪಾರ್ಸೆಲ್ ಮಾಡುವುದೆಂದು ಗೊತ್ತಾಗಿತ್ತು. ಇಲ್ಲಿರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ಆದರೆ ವ್ಯಾಕರಣಕ್ಕೆ ಅಡ್ಡಿಯಾಗದಂತೆ ಅದೇ ಬಗೆಯ ಹೆಸರುಗಳನ್ನೇ ಆರಿಸಿದ್ದೇನೆ.

ಕಿರಣ್ ತನಗೆ ಬಂದ ಉಕ್ರೇನಿಯನ್ ಭಾಷೆಯಲ್ಲಿ ಕಾಗದವನ್ನು ತಾನೇ ಬರೆದಿದ್ದ. ಶುರುವಿನ ಸಾಲು ಹೀಗಿತ್ತು: ‘ದೊರೊಹಾ ಒಕ್ಸಾನಾ ಇವಾನಿವ್ನಾ!’ ಅಂದರೆ ‘ಪ್ರೀತಿಯ ಒಕ್ಸಾನಾ ಇವಾನಿವ್ನಾ’. ಸ್ವಲ್ಪ ಕೆಳಗೆ, ಪೆತ್ರೋ ಅವರನ್ನು ಉದ್ದೇಶಿಸಿದ ಭಾಗದಲ್ಲಿ, ‘ಈ ಸೀರೆ ಒಕ್ಸಾನೋಗಾಗಿ’ ಎಂಬ ಅರ್ಥದ ವಾಕ್ಯವಿತ್ತು. ಪಾರ್ಸೆಲ್‌ಗೆ ಅಂಟಿಸಲು ಅಣ್ಣನಿಗೆ ಕಳಿಸಿದ್ದ ವಿಳಾಸದಲ್ಲಿಯೂ Oksano ಎಂದೇ ಇತ್ತು.

ಒಂದೇ ಹೆಂಗಸಿಗೆ ಎರಡು ಹೆಸರು ಏಕೆ ಎಂದು ಕೇಳಿದೆ.

‘ಅಕ್ಕಾ, ಬಾಡಿಗೆ ಕರಾರಿನಲ್ಲಿ ಒಕ್ಸಾನಾ ಎಂದಿತ್ತು. ಆದರೆ ಮನೆಯಲ್ಲಿ ಎಲ್ಲರೂ ಒಕ್ಸಾನೋ ಎಂದೇ ಕರೆಯುತ್ತಿದ್ದರು. ಅದು ಮುದ್ದಿನ ಹೆಸರು ಅಂದುಕೊಂಡೆ. ಕಾಗದದ ಮೊದಲ ಸಾಲು ಗೌರವದ್ದಲ್ಲವೇ, ಅಲ್ಲಿ ಕರಾರಿನ ಹೆಸರು ಬರೆದೆ. ಉಳಿದ ಕಡೆ ಮನೆಯ ಹೆಸರು.’

ಅವನ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು. ಮನೆಯವರು ನಿಜವಾಗಿಯೂ ಒಕ್ಸಾನೋ ಎಂದೇ ಅಂದಿದ್ದರು. ಆದರೆ ಅದು ಮುದ್ದಿನ ಹೆಸರಲ್ಲ, ಕರೆಯುವ ರೂಪ. ಹಾಗಾಗಿ ಅವನ ಕಾಗದದಲ್ಲಿ ಎಲ್ಲವೂ ಅದಲುಬದಲಾಗಿತ್ತು. ಕರೆಯಬೇಕಾದ ಒಂದೇ ಜಾಗದಲ್ಲಿ ಕರೆಯುವ ರೂಪವಿಲ್ಲ, ಅದು ಬರಲೇಬಾರದ ಜಾಗಗಳಲ್ಲೆಲ್ಲ ಅದೇ ಇದೆ.

ಉಕ್ರೇನಿಯನ್ ಭಾಷೆಗೆ ಏಳು ವಿಭಕ್ತಿಗಳು. ಏಳನೆಯದು ಸಂಬೋಧನೆ. ಅದನ್ನು ಅವರು ಕ್ಲಿಚ್ನಿಯ್ ವಿದ್ಮೀನೊಕ್ ಎನ್ನುತ್ತಾರೆ, ಕರೆಯುವ ವಿಭಕ್ತಿ ಎಂದೇ ಅದರ ಅರ್ಥ. ನಮ್ಮ ಶಾಲೆಯ ವ್ಯಾಕರಣದಲ್ಲಿಯೂ ಸಂಬೋಧನೆ ಇದೆ: ರಾಮ ಎಂಬುದು ರಾಮಾ ಆಗುತ್ತದೆ, ತಾಯಿ ಎಂಬುದು ತಾಯೀ ಅಥವಾ ತಾಯಿಯೇ ಆಗುತ್ತದೆ. ಕನ್ನಡದಲ್ಲಿ ಕೊನೆಯ ಸ್ವರ ಉದ್ದವಾಗುತ್ತದೆ, ಇಲ್ಲವೇ ಏಕಾರ ಸೇರುತ್ತದೆ. ಹೆಸರಿನ ಗುರುತು ಕೆಡುವುದಿಲ್ಲ. ಉಕ್ರೇನಿಯನ್‌ನಲ್ಲಿ ಕೊನೆಯ ಸ್ವರವೇ ಬೇರೆಯಾಗುತ್ತದೆ. ಆದ್ದರಿಂದಲೇ ನಮ್ಮವರಿಗೆ ಅದು ಇನ್ನೊಂದು ಹೆಸರಿನಂತೆ ಕೇಳಿಸುತ್ತದೆ.

ಕಿರಣ್‌ನ ಕಾಗದದಲ್ಲಿದ್ದ ಜನರನ್ನೇ ತೆಗೆದುಕೊಳ್ಳೋಣ. ಮುಖ್ಯವಾದ ಬಗೆಗಳೆಲ್ಲ ಅಲ್ಲಿಯೇ ಇದ್ದವು. ‘ಆ’ಕಾರದಲ್ಲಿ ಮುಗಿಯುವ ಹೆಂಗಸರ ಹೆಸರಿಗೆ ಕರೆಯುವಾಗ ‘ಓ’ ಬರುತ್ತದೆ: ಒಕ್ಸಾನಾ ಒಕ್ಸಾನೋ ಆಗುತ್ತಾರೆ, ಅವರ ಚಿಕ್ಕ ಮಗಳು ನತಾಲ್ಕಾ ನತಾಲ್ಕೋ ಆಗುತ್ತಾಳೆ. ಕೊನೆಯಲ್ಲಿ ‘ಯಾ’ ಇರುವ ಮೃದುವಾದ ಹೆಸರುಗಳ ದಾರಿ ಬೇರೆ. ಮರೀಯಾ ಎಂಬವರನ್ನು ಮರೀಯೆ ಎಂದು ಕರೆಯಬೇಕು. ಆದರೆ ಅಕ್ಕರೆಯ ಹೆಸರಾದರೆ ‘ಯು’ ಬರುತ್ತದೆ: ಹಾಲ್ಯಾ ಎಂಬುದು ಹಾಲ್ಯು, ಅಜ್ಜಿಯನ್ನು ಪ್ರೀತಿಯಿಂದ ಹೇಳುವ ಬಬೂಸ್ಯಾ ಎಂಬುದು ಬಬೂಸ್ಯು. ಗಂಡಸರ ಹೆಸರುಗಳಲ್ಲಿ ಪೆತ್ರೋ ಎಂಬುದು ಪೆತ್ರೆ ಆಗುತ್ತದೆ, ಇವಾನ್ ಇವಾನೆ ಆಗುತ್ತದೆ. ಯಕಾರದಲ್ಲಿ ಮುಗಿಯುವ ಅಂದ್ರೀಯ್ ಅಂದ್ರೀಯು ಆಗುತ್ತಾನೆ. ಇಲ್ಲಿ ಪೆತ್ರೋ ಎಂಬ ಹೆಸರನ್ನು ಗಮನಿಸಬೇಕು. ಒಕ್ಸಾನೋ ಎಂಬಲ್ಲಿ ‘ಓ’ ಇರುವುದು ಕರೆಯುವುದಕ್ಕೆ, ಪೆತ್ರೋ ಎಂಬಲ್ಲಿ ‘ಓ’ ಇರುವುದು ಹೆಸರಿನಲ್ಲಿಯೇ. ಕೊನೆಯ ಸ್ವರವನ್ನಷ್ಟೇ ನೋಡಿ ಕರೆಯುವ ರೂಪ ಯಾವುದೆಂದು ತೀರ್ಮಾನಿಸುವಂತಿಲ್ಲ. ಹೆಸರಿನ ಮೂಲರೂಪ ಗೊತ್ತಿರಲೇಬೇಕು.

ಕೆಲವು ಪದಗಳಲ್ಲಿ ವ್ಯಂಜನವೂ ಬದಲಾಗುತ್ತದೆ. ಗೆಳೆಯ ಎಂಬ ಅರ್ಥದ ದ್ರುಹ್ ಕರೆಯುವಾಗ ದ್ರುಝೆ ಆಗುತ್ತದೆ, ಕೊಸಾಕ್ ಎಂಬ ಅರ್ಥದ ಕೊಜಾಕ್ ಕೊಜಾಚೆ ಆಗುತ್ತದೆ. ಮಗ ಎಂಬ ಅರ್ಥದ ಸಿನ್, ಅಪ್ಪ ಎಂಬ ಅರ್ಥದ ತಾತೋ ಇವಕ್ಕೆ ಉಕಾರ: ಸಿನು, ತಾತು. ಇವನ್ನು ನಿಯಮ ಹುಡುಕುವ ಬದಲು ಬಾಯಿಪಾಠ ಮಾಡಿಕೊಳ್ಳುವುದೇ ಮೇಲು. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಪದಗಳಿವು.

ಮೊದಲ ಸಾಲನ್ನು ತಿದ್ದುವುದು ಇದರಿಂದ ಸುಲಭವಾಯಿತು. ‘ದೊರೊಹಾ’ ಎಂಬ ವಿಶೇಷಣ ಹಾಗೆಯೇ ಉಳಿಯುತ್ತದೆ, ಏಕೆಂದರೆ ವಿಶೇಷಣಗಳಿಗೆ ಸಂಬೋಧನೆಯಲ್ಲಿ ಬೇರೆ ರೂಪವಿಲ್ಲ. ಹೆಸರು ಮತ್ತು ತಂದೆಯ ಹೆಸರಿನಿಂದ ಬಂದ ಪದ ಎರಡೂ ಬದಲಾಗುತ್ತವೆ: ‘ದೊರೊಹಾ ಒಕ್ಸಾನೋ ಇವಾನಿವ್ನೋ!’ ಇಲ್ಲಿ ಒಂದನ್ನು ಬದಲಿಸಿ ಇನ್ನೊಂದನ್ನು ಬಿಡುವುದು ನಾನು ಬಹಳ ಸಲ ಕಂಡಿರುವ ತಪ್ಪು. ಗಂಡಸರಾದರೆ ಇವಾನ್ ಪೆತ್ರೋವಿಚ್ ಎಂಬವರನ್ನು ಇವಾನೆ ಪೆತ್ರೋವಿಚು ಎಂದು ಕರೆಯಬೇಕು.

ಆದರೂ ನಾನು ಕಾಗದದಲ್ಲಿ ಆ ಸಾಲನ್ನು ಉಳಿಸಲಿಲ್ಲ. ಹೆಸರಿನ ಜೊತೆ ತಂದೆಯ ಹೆಸರನ್ನು ಹೇಳುವುದು ಶಿಕ್ಷಕರಿಗೆ, ವೈದ್ಯರಿಗೆ, ಕಚೇರಿಯ ಹಿರಿಯರಿಗೆ ಸಲ್ಲುವ ಮರ್ಯಾದೆ. ಪಶ್ಚಿಮ ಉಕ್ರೇನಿನ ಮನೆಗಳಲ್ಲಿ ಹೆಚ್ಚು ಕೇಳುವುದು ‘ಪಾನಿ’ ಮತ್ತು ಹೆಸರು, ಗಂಡಸರಿಗಾದರೆ ‘ಪಾನ್’. ಕಿರಣ್ ಆ ಮನೆಯಲ್ಲಿದ್ದಷ್ಟು ದಿನವೂ ‘ಪಾನಿ ಒಕ್ಸಾನೋ’ ಎಂದೇ ಕರೆದಿದ್ದ. ದಿನವೂ ಹಾಗೆ ಕರೆದವನು ಕಾಗದದಲ್ಲಿ ಇದ್ದಕ್ಕಿದ್ದಂತೆ ಇವಾನಿವ್ನೋ ಎಂದರೆ ಹೊಸಿಲಿನ ಹೊರಗೆ ನಿಂತು ಮಾತಾಡಿದಂತಾಗುತ್ತದೆ. ಎರಡನ್ನೂ ಸೇರಿಸಿ ‘ಪಾನಿ ಒಕ್ಸಾನೋ ಇವಾನಿವ್ನೋ’ ಎನ್ನುವುದೂ ಒಳ್ಳೆಯ ಬರವಣಿಗೆಯಲ್ಲಿ ಇಲ್ಲ. ಆದ್ದರಿಂದ ‘ದೊರೊಹಾ ಪಾನಿ ಒಕ್ಸಾನೋ!’ ಎಂದು ಮಾಡಿದೆ. ಪಾನಿ ಎಂಬ ಪದ ಏಕವಚನದಲ್ಲಿ ಯಾವ ವಿಭಕ್ತಿಯಲ್ಲಿಯೂ ಬದಲಾಗುವುದಿಲ್ಲ. ಪಾನ್ ಮಾತ್ರ ಪಾನೆ ಆಗುತ್ತದೆ. ಪೆತ್ರೋ ಅವರ ಭಾಗದ ಮೊದಲ ಸಾಲು ‘ದೊರೊಹಿಯ್ ಪಾನೆ ಪೆತ್ರೆ!’ ಆಯಿತು.

ಇನ್ನೊಂದು ತೊಡಕು ಸವಿತಾ ಅವರು ಹೇಳಿ ಬರೆಸಿದ ಕನ್ನಡದ ಪ್ರತಿಯಲ್ಲಿತ್ತು. ಅವರ ಮೊದಲ ಮಾತು ‘ಪ್ರೀತಿಯ ಒಕ್ಸಾನಾ ಅಕ್ಕನವರಿಗೆ ಧಾರವಾಡದಿಂದ ಸವಿತಾ ಮಾಡುವ ನಮಸ್ಕಾರಗಳು’. ನಮ್ಮ ಕಾಗದಗಳು ಹೀಗೆಯೇ ಶುರುವಾಗುತ್ತವೆ. ‘ತೀರ್ಥರೂಪು ತಂದೆಯವರಿಗೆ’ ಎಂದು ಚತುರ್ಥಿಯಲ್ಲಿ ಆರಂಭಿಸಿ, ನಮಸ್ಕಾರ ಮಾಡುವವರನ್ನು ಮೂರನೆಯವರಂತೆ ಹೇಳಿ, ಆಮೇಲೆ ‘ನೀವು’ ಎನ್ನುತ್ತೇವೆ. ಈ ಚತುರ್ಥಿಯನ್ನು ಉಕ್ರೇನಿಯನ್‌ಗೆ ಹಾಗೆಯೇ ದಾಟಿಸಬಾರದು. ಉಕ್ರೇನಿಯನ್‌ನಲ್ಲಿ ಚತುರ್ಥಿಯಲ್ಲಿರುವ ಹೆಸರು ಲಕೋಟೆಯ ಮೇಲೆ, ಉಡುಗೊರೆಯ ಪುಸ್ತಕದ ಮೊದಲ ಪುಟದಲ್ಲಿ ‘ಇಂಥವರಿಗೆ’ ಎಂದು ಬರೆಯುವಾಗ ಒಪ್ಪುತ್ತದೆ. ಕಾಗದದ ನೆತ್ತಿಯಲ್ಲಿ ಎದುರಿಗಿರುವವರನ್ನು ಕರೆಯಬೇಕು. ಹಾಗಾಗಿ ‘ಅವರಿಗೆ’ ಎಂಬುದು ಸಂಬೋಧನೆಯಾಯಿತು, ನಮಸ್ಕಾರ ಮುಂದಿನ ವಾಕ್ಯಕ್ಕೆ ಹೋಯಿತು.

‘ಅಕ್ಕ’ ಎಂಬುದರ ಬಗ್ಗೆ ನಾನು ಹೆಚ್ಚು ಹೊತ್ತು ಯೋಚಿಸಿದೆ. ಸೆಸ್ತ್ರಾ ಎಂದರೆ ಅಕ್ಕನೂ ಹೌದು, ತಂಗಿಯೂ ಹೌದು. ಕರೆಯುವ ರೂಪ ಸೆಸ್ತ್ರೋ. ಆದರೆ ರಕ್ತಸಂಬಂಧವಿಲ್ಲದ ಹೆಂಗಸನ್ನು ಹಾಗೆ ಕರೆದರೆ ಉಕ್ರೇನಿಯನ್ ಕಿವಿಗೆ ಆಸ್ಪತ್ರೆಯ ದಾದಿಯೋ, ಸನ್ಯಾಸಿನಿಯೋ, ಪ್ರಾರ್ಥನಾ ಮಂದಿರದ ಜೊತೆಗಾರ್ತಿಯೋ ನೆನಪಾಗಬಹುದು. ನಮ್ಮ ಅಕ್ಕನಂತೆ ಅದು ಬೀದಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಸಲ್ಲುವ ಪದವಲ್ಲ. ಸವಿತಾ ಅವರಿಗೆ ಅದನ್ನು ಬಿಡಲು ಮನಸ್ಸಿರಲಿಲ್ಲ. ‘ನನ್ನ ಮಗನಿಗೆ ಉಣ್ಣಲು ಇಟ್ಟವರನ್ನು ಅಕ್ಕ ಅನ್ನದೆ ಇನ್ನೇನೆನ್ನಲಿ?’ ಎಂದರು. ಅವರ ಮಾತು ಸರಿ. ಮೊದಲ ಸಾಲಿನಲ್ಲಿ ಪಾನಿ ಒಕ್ಸಾನೋ ಎಂದೇ ಇಟ್ಟು, ಬುತ್ತಿಯ ವಿಚಾರ ಬರುವ ಕಡೆ ‘ನಮ್ಮಲ್ಲಿ ಇಂಥವರನ್ನು ಅಕ್ಕ ಎನ್ನುತ್ತೇವೆ, ಆದ್ದರಿಂದ ಹಾಗೆ ಕರೆಯಲು ಬಿಡಿ, ಸೆಸ್ತ್ರೋ’ ಎಂದು ಒಂದು ವಾಕ್ಯ ಸೇರಿಸಿದೆ. ಅಲ್ಲಿ ಕಾರಣ ಪಕ್ಕದಲ್ಲಿಯೇ ಇರುವುದರಿಂದ ಪದ ತಪ್ಪು ಅರ್ಥಕ್ಕೆ ಹೊರಳುವುದಿಲ್ಲ.

ಇನ್ನು ಕಾಗದದ ನಡುವಿನ ಭಾಗ. ಪೆತ್ರೋ ಅವರೊಡನೆ ಮಾತಾಡುತ್ತ ಒಕ್ಸಾನಾ ಅವರ ಬಗ್ಗೆ ಹೇಳುವ ವಾಕ್ಯಗಳಲ್ಲಿ ಒಕ್ಸಾನೋ ಬರುವಂತೆಯೇ ಇಲ್ಲ, ಏಕೆಂದರೆ ಅಲ್ಲಿ ಅವರನ್ನು ಯಾರೂ ಕರೆಯುತ್ತಿಲ್ಲ. ‘ಈ ಸೀರೆ ಒಕ್ಸಾನಾ ಅವರಿಗಾಗಿ’ ಎಂಬಲ್ಲಿ ಉಕ್ರೇನಿಯನ್ ಷಷ್ಠಿಯನ್ನು ಕೇಳುತ್ತದೆ: ದ್ಲ್ಯಾ ಒಕ್ಸಾನಿ. ‘ಅಮ್ಮ ಒಕ್ಸಾನಾ ಅವರನ್ನು ನೆನೆಯುತ್ತಾರೆ’ ಎಂಬಲ್ಲಿ ದ್ವಿತೀಯೆ: ಒಕ್ಸಾನು. ಕಿರಣ್‌ಗೆ ಇದನ್ನು ವಿಭಕ್ತಿಗಳ ಪಟ್ಟಿಯಿಂದ ವಿವರಿಸಲು ಹೋಗಲಿಲ್ಲ. ಧನ್ಯವಾದದ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ.

‘ದ್ಯಾಕುಯು, ಒಕ್ಸಾನೋ’ ಎಂದರೆ ‘ಒಕ್ಸಾನಾ, ಧನ್ಯವಾದ’ ಎಂದು ಎದುರಿಗೆ ಹೇಳುವುದು. ಅಲ್ಪವಿರಾಮ ಇದ್ದೇ ಇರಬೇಕು. ‘ದ್ಯಾಕುಯು ಒಕ್ಸಾನಿ’ ಎಂದರೆ ‘ಒಕ್ಸಾನಾ ಅವರಿಗೆ ಧನ್ಯವಾದ ಹೇಳುತ್ತೇನೆ’ ಎಂದು ಬೇರೆಯವರೆದುರು ಹೇಳುವುದು. ಇಲ್ಲಿ ಚತುರ್ಥಿ, ಅಲ್ಪವಿರಾಮ ಇಲ್ಲ. ಶುಭಾಶಯಕ್ಕೂ ಹೀಗೆಯೇ. ‘ವಿತಾಯು, ಒಕ್ಸಾನೋ’ ಎಂದರೆ ಅವರಿಗೇ ಹೇಳುವ ವಂದನೆ. ‘ವಿತಾಯು ಒಕ್ಸಾನು’ ಎಂದರೆ ಅವರನ್ನು ಅಭಿನಂದಿಸುತ್ತಿದ್ದೇನೆ ಎಂಬ ಸುದ್ದಿ. ಅನುಮಾನ ಬಂದಾಗ ಹೆಸರನ್ನು ಕೈಯಿಂದ ಮುಚ್ಚಿ ಓದಬೇಕು. ಹೆಸರಿಲ್ಲದೆಯೂ ವಾಕ್ಯ ಪೂರ್ತಿಯಾಗಿದ್ದರೆ, ಅದರ ಅರ್ಥ ಎದುರಿಗಿರುವವರಿಗೇ ಸಲ್ಲುತ್ತಿದ್ದರೆ, ಹೆಸರು ಸಂಬೋಧನೆಯಲ್ಲಿರಬೇಕು. ಹೆಸರು ತೆಗೆದ ಕೂಡಲೇ ‘ಯಾರಿಗೆ’, ‘ಯಾರನ್ನು’ ಎಂಬ ಪ್ರಶ್ನೆ ಎದ್ದರೆ ಬೇರೆ ವಿಭಕ್ತಿ ಬೇಕು.

ದಿನನಿತ್ಯದ ವಂದನೆಗಳಲ್ಲಿ ಇದು ತಪ್ಪದೆ ಬರುತ್ತದೆ. ‘ದೋಬ್ರಿಯ್ ದೆನ್, ಪಾನಿ ಒಕ್ಸಾನೋ’, ‘ಪ್ರಿವಿತ್, ಅಂದ್ರೀಯು’ ಎಂದು ಹೇಳಬೇಕು. ಫೋನಿನ ಸಂದೇಶದಲ್ಲಿಯೂ ಅಷ್ಟೇ. ಆದರೆ ‘ನನ್ನ ಹೆಸರು ಕಿರಣ್’ ಎನ್ನುವಾಗ, ಕಾಗದದ ಕೊನೆಯಲ್ಲಿ ಸಹಿ ಹಾಕುವಾಗ ಪ್ರಥಮೆಯೇ. ಬಹುವಚನದಲ್ಲಿ ಕಲಿಯುವವರಿಗೆ ಬಿಡುವು ಸಿಗುತ್ತದೆ: ‘ಪ್ರೀತಿಯ ಗೆಳೆಯರೇ’ ಎನ್ನಲು ‘ದೊರೊಹಿ ದ್ರೂಜಿ’ ಸಾಕು, ಪ್ರಥಮೆಗೂ ಸಂಬೋಧನೆಗೂ ಅಲ್ಲಿ ವ್ಯತ್ಯಾಸವಿಲ್ಲ.

ಪಾರ್ಸೆಲ್‌ನ ವಿಳಾಸದ ತಪ್ಪೇ ಎಲ್ಲಕ್ಕಿಂತ ಗಂಭೀರವಾದದ್ದು. ಪಡೆಯುವವರು ಗುರುತಿನ ಚೀಟಿ ತೋರಿಸಬೇಕಾಗಿ ಬಂದಾಗ ಅದರಲ್ಲಿ Oksana ಎಂದಿರುತ್ತದೆ, ಡಬ್ಬಿಯ ಮೇಲೆ Oksano. ಅರ್ಜಿ, ಟಿಕೆಟ್, ಹಣ ಕಳಿಸುವ ಚೀಟಿ, ಮೊಬೈಲಿನ ಸಂಪರ್ಕ ಪಟ್ಟಿ ಇವೆಲ್ಲದರಲ್ಲಿಯೂ ಮೂಲರೂಪವೇ ಇರಬೇಕು. ಅಣ್ಣ ಇನ್ನೂ ಡಬ್ಬಿ ಕಟ್ಟಿರಲಿಲ್ಲ, ಆದ್ದರಿಂದ ಅದು ಅಲ್ಲಿಗೇ ಸರಿಹೋಯಿತು.

ಈ ವಿಭಕ್ತಿಯನ್ನು ಬಿಟ್ಟರೆ ಅರ್ಥವೇನೂ ಕೆಡುವುದಿಲ್ಲವಲ್ಲ ಎಂದು ಕಿರಣ್ ಕೇಳಿದ. ‘ದೊರೊಹಾ ಒಕ್ಸಾನಾ’ ಎಂದರೂ ಒಕ್ಸಾನಾ ಅವರಿಗೆ ತಿಳಿಯುತ್ತದೆ, ನಿಜ. ಆದರೆ ಅದು ಅವರ ಕಿವಿಗೆ ರಷ್ಯನ್ ಭಾಷೆಯ ಅಚ್ಚಿನಲ್ಲಿ ಹೊಯ್ದ ಉಕ್ರೇನಿಯನ್‌ನಂತೆ ಕೇಳಿಸುತ್ತದೆ. ರಷ್ಯನ್ ಭಾಷೆ ಹಳೆಯ ಸಂಬೋಧನೆಯನ್ನು ಕಳೆದುಕೊಂಡಿದೆ. ದೇವರನ್ನು ಕರೆಯುವ ಬೋಝೆ, ಗೋಸ್ಪೊದಿಯಂಥ ಕೆಲವು ಪದಗಳಲ್ಲಿ ಮಾತ್ರ ಅದರ ಕುರುಹು ಉಳಿದಿದೆ. ಉಕ್ರೇನಿಯನ್ ಅದನ್ನು ಉಳಿಸಿಕೊಂಡಿತು. 1933ರ ಕಾಗುಣಿತದ ಬದಲಾವಣೆಯ ನಂತರ ಸೋವಿಯತ್ ಕಾಲದ ವ್ಯಾಕರಣಗಳು ಅದನ್ನು ವಿಭಕ್ತಿ ಎನ್ನದೆ ‘ಕರೆಯುವ ರೂಪ’ ಎಂದು ಪಕ್ಕಕ್ಕಿಟ್ಟವು. 1990ರ ಕಾಗುಣಿತ ಗ್ರಂಥದಲ್ಲಿ ಅದು ಮತ್ತೆ ವಿಭಕ್ತಿಯಾಯಿತು. ಅಷ್ಟು ವರ್ಷ ಪುಸ್ತಕದಲ್ಲಿ ಅದರ ಸ್ಥಾನ ಏನೇ ಆಗಿದ್ದರೂ ತೆರ್ನೋಪಿಲ್‌ನಂಥ ಊರುಗಳ ಮನೆಮಾತಿನಲ್ಲಿ ಅದರ ಬಳಕೆ ನಿಂತುಹೋಗಲಿಲ್ಲ. ಆದ್ದರಿಂದ ಈ ಒಂದು ಸ್ವರವನ್ನು ನಾನು ಅಲಂಕಾರವೆಂದು ಬಿಡಲಾರೆ. ಯುದ್ಧದ ನಡುವೆ ಇರುವ ಮನೆಗೆ ಹೋಗುವ ಕಾಗದದಲ್ಲಂತೂ ಸಾಧ್ಯವೇ ಇಲ್ಲ.

ಅದೇ ವಾರ ಕಿರಣ್‌ಗೆ ಇನ್ನೊಂದು ಬರಹ ಬೇಕಾಯಿತು. ಅಂಕಪಟ್ಟಿಗಾಗಿ ಕಾಲೇಜಿನ ಡೀನ್ ಅವರಿಗೆ ಒಂದು ಅರ್ಜಿ. ನಮ್ಮ ಅರ್ಜಿಯಲ್ಲಿ ‘ಇವರಿಗೆ’, ‘ಇವರಿಂದ’, ಆಮೇಲೆ ‘ಮಾನ್ಯರೇ’ ಬರುತ್ತವೆ. ಉಕ್ರೇನಿನ ಅರ್ಜಿಗೆ ಜಯಾವಾ ಎನ್ನುತ್ತಾರೆ. ಅದರಲ್ಲಿ ಬಲಗಡೆ ಮೇಲೆ ಪಡೆಯುವವರ ಹುದ್ದೆ ಚತುರ್ಥಿಯಲ್ಲಿ ಬರುತ್ತದೆ, ಅದರ ಕೆಳಗೆ ಅರ್ಜಿದಾರನ ಹೆಸರು ಷಷ್ಠಿಯಲ್ಲಿ. ನಂತರ ನಡುವೆ ‘ಜಯಾವಾ’ ಎಂಬ ತಲೆಬರಹ, ನೇರವಾಗಿ ‘ಕೋರುತ್ತೇನೆ’ ಎಂಬ ಕ್ರಿಯಾಪದ. ‘ಮಾನ್ಯರೇ’ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಕನ್ನಡದ ಅಭ್ಯಾಸದಿಂದ ಸಂಬೋಧನೆಯನ್ನು ತಂದು ಸೇರಿಸಿದರೆ ಅರ್ಜಿಯ ನಮೂನೆ ಕೆಡುತ್ತದೆ. ಅರ್ಜಿಯಾಗಿರದೆ ಪತ್ರವಾಗಿದ್ದರೆ ಮಾತ್ರ ‘ಶನೋವ್ನಿಯ್ ಪಾನೆ ದೆಕಾನೆ!’ ಎಂದು ಶುರುಮಾಡಬೇಕು. ಪಾನ್ ಮತ್ತು ದೆಕಾನ್ ಎರಡೂ ಬದಲಾಗಿರುವುದನ್ನು ನೋಡಿ. ಹೀಗೆ ಒಂದೇ ಪತ್ರದಲ್ಲಿ ಡೀನ್ ಅವರು ವಿಳಾಸದಲ್ಲಿ ದೆಕಾನೊವಿ, ವಂದನೆಯಲ್ಲಿ ದೆಕಾನೆ ಆಗುತ್ತಾರೆ. ಕಿರಣ್‌ಗೆ ಬೇಕಾಗಿದ್ದದ್ದು ಅರ್ಜಿಯಾದ್ದರಿಂದ ವಂದನೆಯನ್ನು ತೆಗೆದುಹಾಕಿದೆ.

ಪದವಿಯ ಬದಲು ಮನೆತನದ ಹೆಸರು ಬಂದರೆ ಒಂದು ಸೂಕ್ಷ್ಮವಿದೆ. ಪಾನ್ ಎಂಬುದರ ಮುಂದೆ ಬರುವ ಮನೆತನದ ಹೆಸರನ್ನು ಪ್ರಥಮೆಯಲ್ಲಿಯೇ ಬಿಡಬೇಕೆಂದು ಹಿಂದಿನ ಕಾಗುಣಿತ ಗ್ರಂಥಗಳು ಹೇಳುತ್ತಿದ್ದವು. 2019ರಲ್ಲಿ ಜಾರಿಗೆ ಬಂದ ಕಾಗುಣಿತ ಅದಕ್ಕೂ ಸಂಬೋಧನೆಯನ್ನು ಒಪ್ಪುತ್ತದೆ. ಆದ್ದರಿಂದ ಹಳೆಯ ಮಾದರಿ ಪತ್ರಗಳಲ್ಲಿ ‘ಪಾನೆ ತ್ಕಚೂಕ್’ ಎಂದು, ಹೊಸದರಲ್ಲಿ ‘ಪಾನೆ ತ್ಕಚೂಕು’ ಎಂದು ಕಂಡರೆ ಯಾವುದೋ ಒಂದು ಅಚ್ಚಿನ ತಪ್ಪೆಂದು ತಿಳಿಯಬೇಕಾಗಿಲ್ಲ. ಹೆಂಗಸರಲ್ಲಿ ತ್ಕಚೂಕ್‌ನಂಥ ವ್ಯಂಜನಾಂತ ಹೆಸರು ಬದಲಾಗುವುದೇ ಇಲ್ಲ.

ಒಂದೂವರೆ ತಿಂಗಳ ಮೇಲೆ ಉತ್ತರ ಬಂತು. ಕಾಗದದ ಫೋಟೋ ಮೊಬೈಲಿಗೆ ಬಂದಿತ್ತು, ಕೈಬರಹ ದುಂಡಗೆ, ಸ್ಪಷ್ಟವಾಗಿತ್ತು. ಅಕ್ಷರ ಗುರುತಿಸಲು ಮಗನಿಂದ ಕಲಿತಿದ್ದ ಸವಿತಾ ಮೊದಲ ಸಾಲನ್ನು ತಾವೇ ಓದಿಕೊಂಡು ನನಗೆ ಫೋನ್ ಮಾಡಿದರು. ‘ನನ್ನ ಹೆಸರನ್ನು ತಪ್ಪಾಗಿ ಬರೆದಿದ್ದಾರೆ, ಸವೀತೋ ಎಂದಿದೆ.’

ತಪ್ಪಾಗಿರಲಿಲ್ಲ. ‘ದೊರೊಹಾ ಪಾನಿ ಸವೀತೋ!’ ಎಂದು ಒಕ್ಸಾನಾ ಅವರು ಕನ್ನಡದ ಹೆಸರನ್ನು ತಮ್ಮ ಭಾಷೆಯ ಹೆಸರಿನಂತೆಯೇ ನಡೆಸಿಕೊಂಡಿದ್ದರು. ವಿದೇಶಿ ಹೆಸರು ಉಕ್ರೇನಿಯನ್ ಹೆಸರುಗಳ ಅಚ್ಚಿಗೆ ಹೊಂದಿದರೆ ಅದಕ್ಕೂ ಈ ವಿಭಕ್ತಿ ಹತ್ತುತ್ತದೆ. ಸವಿತಾ ‘ಆ’ಕಾರದಲ್ಲಿ ಮುಗಿಯುವುದರಿಂದ ಸವೀತೋ. ಲಕ್ಷ್ಮಿ ಎಂದಿದ್ದರೆ ಇಕಾರದಲ್ಲಿ ಮುಗಿಯುವ ಆ ಹೆಸರನ್ನು ಹಾಗೆಯೇ ಬಿಡುತ್ತಿದ್ದರು. ಕಿರಣ್‌ನ ಸಾಲು ಇನ್ನೂ ಮುಂದೆ ಹೋಗಿತ್ತು. ನೇರವಾಗಿ ಕರೆದಿದ್ದರೆ ಕಿರಾನೆ ಎಂದಾಗುತ್ತಿತ್ತು, ಇವಾನೆ ಎಂಬಂತೆ. ಆದರೆ ಅವರು ಮೊದಲು ಹೆಸರಿಗೆ ಅಕ್ಕರೆಯ ಪ್ರತ್ಯಯ ಸೇರಿಸಿ ಕಿರಾಂಚಿಕ್ ಎಂದು ಮಾಡಿ, ಅದನ್ನು ಸಂಬೋಧನೆಗೆ ತಂದಿದ್ದರು: ‘ಕಿರಾಂಚಿಕು, ಸಿನು’.

ಇದನ್ನು ಕನ್ನಡಕ್ಕೆ ತರುವಾಗ ಸವೀತೋ, ಕಿರಾಂಚಿಕು ಎಂಬ ರೂಪಗಳನ್ನು ಲಿಪ್ಯಂತರ ಮಾಡಿ ಇಡುವುದು ತಪ್ಪಾಗುತ್ತದೆ. ಅಲ್ಲಿಯ ವಿಭಕ್ತಿ ಇಲ್ಲಿ ಹೆಸರಿನ ಭಾಗವಾಗಿ ಅಂಟಿಕೊಂಡು, ಕಿರಣ್ ಮಾಡಿದ ತಪ್ಪನ್ನೇ ಓದುವವರೂ ಮಾಡುತ್ತಾರೆ. ಅಲ್ಲಿಯ ಸಂಬೋಧನೆಗೆ ಇಲ್ಲಿಯ ಸಂಬೋಧನೆ ಬರಬೇಕು. ಮೊದಲ ಸಾಲಿಗೆ ‘ಪ್ರೀತಿಯ ಸವಿತಾ ಅವರೇ’ ಎಂದು ಬರೆದೆ. ಎರಡನೆಯದಕ್ಕೆ ‘ಕಿರಣ್, ಮಗನೇ’ ಎಂದು ಬರೆದು ನೋಡಿದೆ; ವ್ಯಾಕರಣ ಸರಿಯಿತ್ತು, ಆದರೆ ಅಕ್ಕರೆಯ ಪ್ರತ್ಯಯ ಎಲ್ಲೋ ಬಿದ್ದುಹೋಗಿತ್ತು. ಅದನ್ನು ಹೊಡೆದು ‘ಕಿರಣಾ, ಕಂದಾ’ ಎಂದು ಮಾಡಿದೆ.

ಸವಿತಾ ಓದಿ, ‘ಅವರು ಹೀಗೆಯೇ ಕರೆದಿದ್ದಾರೆಯೇ?’ ಎಂದು ಕೇಳಿದರು.

ಹೌದೆಂದೆ.